ಮಾಡೆಲ್ ಬದಲಿಸುವ ಮೊದಲು ನೂರು ಸಾಲು ಓದಿ

"ಸರ್, ಇನ್ನೂ ದೊಡ್ಡ ಎಐ ಮಾಡೆಲ್ ಹಾಕಿದ್ರೆ ಸರಿಹೋಗುತ್ತಾ?" ಸಣ್ಣ ತಂಡಗಳಿಂದ ಬರುವ ಮೊದಲ ಫೋನ್ ಹೆಚ್ಚಾಗಿ ಇದೇ. ಮಾಡೆಲ್‌ಗೆ ಕಲಿಸಿದ ಉದಾಹರಣೆಗಳಿಗೆ ಇದು ಈ ವಿಭಾಗದ್ದು ಎಂದು ಲೇಬಲ್ ಹಾಕಿದ್ದು ಯಾರು ಎಂದು ಕೇಳಿದರೆ ಆ ಕಡೆ ಸದ್ದಿಲ್ಲ.

ಮನೆಮನೆಗೆ ಹಾಲು ಹಾಕುವ ಒಂದು ಕಂಪನಿ. ನಾಲ್ವರ ತಂಡ, ಗ್ರಾಹಕರ ಆರು ಸಾವಿರ ದೂರುಗಳು, ಅವನ್ನು ಐದು ವಿಭಾಗಕ್ಕೆ ಹಂಚುವ ಒಂದು ಮಾಡೆಲ್. ಅದು ನೂರಕ್ಕೆ 71 ಸರಿ ಹೇಳುತ್ತಿತ್ತು. ನೋಡಿದರೆ, ಉತ್ತರ ಬರಲಿಲ್ಲವೆಂದು ಜನ ಒಂದೇ ದೂರನ್ನು ಎರಡು ಮೂರು ಸಲ ಕಳಿಸಿದ್ದರು. ಅದರ ಒಂದು ಪ್ರತಿ ಮಾಡೆಲ್‌ನ ತರಬೇತಿಗೆ, ಇನ್ನೊಂದು ಪರೀಕ್ಷೆಗೆ ಸೇರಿ, ಮೊದಲೇ ನೋಡಿದ್ದೇ ಪ್ರಶ್ನೆಯಾಗಿ ಬರುತ್ತಿತ್ತು. ನಕಲುಗಳನ್ನು ತೆಗೆದು ಮತ್ತೆ ವಿಂಗಡಿಸಿದಾಗ ಅಂಕ 67ಕ್ಕೆ ಇಳಿಯಿತು. ತಂಡಕ್ಕೆ ಬೇಸರವಾಯಿತು, ಆದರೆ ನಿಜವಾದ ಅಂಕ ಅದೇ.

ಆಮೇಲೆ ಲೇಬಲ್ ಹಾಕಿದ್ದ ಇಬ್ಬರನ್ನೂ ಬೇರೆ ಬೇರೆ ಕೂರಿಸಿ, ಒಂದೇ ನೂರು ದೂರು ಕೊಟ್ಟೆ. ಇಬ್ಬರ ಉತ್ತರ ಹೊಂದಿದ್ದು 66ರಲ್ಲಿ ಮಾತ್ರ. ಎಷ್ಟು ಹೇಳಿದರೂ ಜನರ ತಲೆಗೆ ಹೋಗದ ಮಾತು ಇದು: ಮನುಷ್ಯರಿಬ್ಬರೇ ಒಪ್ಪದ ಕಡೆ ಮಾಡೆಲ್ ಕಲಿಯುವುದು ಅವರ ಗೊಂದಲವನ್ನೇ. ಪರೀಕ್ಷೆಯ ಲೇಬಲ್‌ಗಳೂ ಅವರವೇ ಆದ್ದರಿಂದ, ಅದು ಸರಿ ಹೇಳಿದ್ದೂ ಕೆಲವೊಮ್ಮೆ ತಪ್ಪೆಂದೇ ಲೆಕ್ಕವಾಗುತ್ತದೆ. ದೊಡ್ಡ ಮಾಡೆಲ್ ತಂದರೂ ಅಳೆಯುವ ಕೋಲು ಅದೇ ಡೊಂಕು.

ಜಗಳ ಇದ್ದದ್ದು ಇಂಥ ಸಾಲುಗಳಲ್ಲಿ: "ಹಾಲು ಲೇಟಾಗಿ ಬಂತು, ಕಾಯಿಸಿದ್ರೆ ಒಡೆದೋಯ್ತು, ದುಡ್ಡು ವಾಪಸ್ ಕೊಡಿ." ಇದು ತಡವೋ, ಹಾಳೋ, ಹಣ ವಾಪಸೋ? ಬಿಡಿಸಿದ್ದು ಅಲ್ಲಿ ಫೋನ್ ಎತ್ತುವ ಅಕ್ಕ. "ಮೊದ್ಲು ಯಾರು ಓಡಬೇಕೋ ಅವರ ಹೆಸರಿಗೆ ಹಾಕಿ. ಒಡೆದಿದ್ರೆ ಪಕ್ಕದ ಮನೇದೂ ಒಡೆದಿರುತ್ತೆ, ಅದು ಮೊದ್ಲು ನೋಡ್ಬೇಕು." ಎಂಟು ವರ್ಷ ಬೈಗುಳ ಕೇಳಿದವರ ತಿಳಿವಳಿಕೆ ಅದು. ಅವರನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಆ ನಿಯಮವನ್ನು ಉದಾಹರಣೆಗಳ ಸಮೇತ ಒಂದು ಪುಟದಲ್ಲಿ ಬರೆದಿಟ್ಟೆವು. ಹೊಸ ನೂರು ದೂರು ಕೊಟ್ಟಾಗ 91 ಹೊಂದಿದವು. ಹಳೆಯ ನೂರನ್ನೇ ಕೊಟ್ಟಿದ್ದರೆ ನೆನಪಿನಿಂದಲೇ ಹೊಂದಿಬಿಡುತ್ತಿದ್ದವು. ಆರು ಸಾವಿರಕ್ಕೆ ಪೂರ್ತಿಯಾಗಿ ಮತ್ತೆ ಲೇಬಲ್ ಹಾಕಲಿಲ್ಲ. ಪರೀಕ್ಷೆಯ ದೂರುಗಳನ್ನು ಪೂರ್ತಿಯಾಗಿ, ತರಬೇತಿಯಲ್ಲಿ ಗೊಂದಲವಿದ್ದ ವಿಭಾಗಗಳನ್ನು ಮಾತ್ರ ತಿದ್ದಿದೆವು. ಇಬ್ಬರಿಗೆ ಒಂದು ವಾರದ ಕೆಲಸ. ಅದೇ ಹಳೆಯ ಮಾಡೆಲ್ 84ಕ್ಕೆ ಬಂತು. ಇದರಲ್ಲಿ ಮಾಡೆಲ್ ಕಲಿತದ್ದೆಷ್ಟು, ಕೋಲು ನೇರವಾದದ್ದೆಷ್ಟು ಎಂದು ಪೂರ್ತಿ ಬೇರ್ಪಡಿಸಲಾಗದು. ಎಲ್ಲ ಕಡೆಯೂ ಇಷ್ಟೇ ಏರುತ್ತದೆಂದೂ ಹೇಳಲಾರೆ.

ಉಳಿದ ತಪ್ಪುಗಳನ್ನು ಒಂದೊಂದಾಗಿ ಓದಿದೆವು. ಹೆಚ್ಚಿನವು "haalu odedide" ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಅವಕ್ಕೆ ಇಬ್ಬರೂ ಹಾಕಿದ ಲೇಬಲ್ ಒಂದೇ ಇತ್ತು, ಮಾಡೆಲ್‌ಗೆ ಮಾತ್ರ ಓದಲು ಬರುತ್ತಿರಲಿಲ್ಲ. ಬೇರೆ ಮಾಡೆಲ್ ಹುಡುಕಲು ನಾನು ಒಪ್ಪಿದ್ದು ಆಗ.