ನೈಲಾನ್ ಗಟ್ಟಿ ನಿಜ, ಆದರೆ ಮುಂಬಯಿ ಮಳೆಗೆ?

ಮೇ ಕೊನೆಯ ಹೊತ್ತಿಗೆ ದಾದರ್ ಸ್ಟೇಷನ್ ಹೊರಗೆ ವಿಂಡ್‌ಚೀಟರ್‌ಗಳ ಸಾಲು ತೂಗಾಡತೊಡಗುತ್ತದೆ. ಯಾವ ಬಟ್ಟೆ ಎಂದು ಕೇಳಿದರೆ ಮಾರುವವನು ‘ಪ್ಯೂರ್ ನೈಲಾನ್, ಫಟೇಗಾ ನಹೀಂ’ ಎನ್ನುತ್ತಾನೆ. ಕಾಲರ್ ಒಳಗಿನ ಚೀಟಿಯಲ್ಲಿ ಎಷ್ಟೋ ಸಲ ಪಾಲಿಯೆಸ್ಟರ್ ಎಂದಿರುತ್ತದೆ. ಈ ಸುಳ್ಳಿನಿಂದ ಗಿರಾಕಿಗೆ ನಷ್ಟವೇನೂ ಇಲ್ಲ, ಬದಲಿಗೆ ಲಾಭವೇ ಆಗಬಹುದು. ಅದು ಯಾಕೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನೈಲಾನ್ ಮೊದಲು, ಪಾಲಿಯೆಸ್ಟರ್ ಆಮೇಲೆ ಬಂತು ಎಂದೇ ನಾವೆಲ್ಲ ತಿಳಿದಿರುವುದು. ಪ್ರಯೋಗಶಾಲೆಯಲ್ಲಿ ಕ್ರಮ ತಿರುಗುಮುರುಗಾಗಿತ್ತು. ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕರೋಥರ್ಸ್ ತಂಡದ ಜೂಲಿಯನ್ ಹಿಲ್ 1930ರಲ್ಲಿ ಮೊದಲು ಎಳೆದ ನೂಲು ಒಂದು ಬಗೆಯ ಪಾಲಿಯೆಸ್ಟರ್. ಅಂಟಂಟಾಗಿ ಕರಗಿದ್ದ ವಸ್ತುವಿಗೆ ಕಡ್ಡಿ ಅದ್ದಿ ಎಳೆದರೆ ರೇಷ್ಮೆಯಂತೆ ಹೊಳೆಯುವ ಎಳೆ ಬಂತು. ಆರಿದ ಮೇಲೆ ಇನ್ನಷ್ಟು ಎಳೆದರೆ ಅದು ಹರಿಯದೆ ಗಟ್ಟಿಯಾಯಿತು. ಆದರೆ ಬಿಸಿ ನೀರಿನಲ್ಲೇ ಮೆತ್ತಗಾಗುವ ಆ ನೂಲಿನಿಂದ ಒಗೆಯುವ ಬಟ್ಟೆ ನೇಯುವುದು ಸಾಧ್ಯವಿರಲಿಲ್ಲ. ಕರೋಥರ್ಸ್ ಅದನ್ನು ಬಿಟ್ಟು ಪಾಲಿಅಮೈಡ್ ಎಂಬ ಬೇರೆ ಬಗೆಯ ವಸ್ತುಗಳ ಕಡೆ ತಿರುಗಿದ. 1935ರ ಫೆಬ್ರವರಿಯಲ್ಲಿ ನೈಲಾನ್ ಸಿಕ್ಕಿತು. ಬಿಟ್ಟ ಎಳೆಯನ್ನು 1941ರಲ್ಲಿ ಮತ್ತೆ ಹಿಡಿದವರು ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್. ಟೆರೆಫ್ತಾಲಿಕ್ ಆಮ್ಲ ಬಳಸಿ ಅವರು ಮಾಡಿದ ಪಾಲಿಯೆಸ್ಟರ್ ಸುಮಾರು 260 ಡಿಗ್ರಿಯವರೆಗೆ ಕರಗುವುದಿಲ್ಲ. ಮುಂದೆ ಟೆರಿಲಿನ್ ಎಂಬ ಹೆಸರಿನಲ್ಲಿ ಬಂದದ್ದು ಇದೇ.

ಎರಡರ ಬಲದಲ್ಲಿ ಜನ ತಿಳಿದಷ್ಟು ಅಂತರವಿಲ್ಲ. ಒಂದೇ ದಪ್ಪದ ಸಾಧಾರಣ ಎಳೆಗಳನ್ನು ಜಗ್ಗಿದರೆ ಹೆಚ್ಚುಕಡಿಮೆ ಒಂದೇ ಭಾರಕ್ಕೆ ಹರಿಯುತ್ತವೆ. ಬೇರೆಯಾಗುವುದು ಹರಿಯುವ ಮುಂಚಿನ ನಡವಳಿಕೆ. ನೈಲಾನ್ ಬಗ್ಗುತ್ತದೆ, ಹಿಗ್ಗುತ್ತದೆ, ಬಿಟ್ಟರೆ ಮೊದಲಿನ ಉದ್ದಕ್ಕೆ ಮರಳುತ್ತದೆ. ಪಾಲಿಯೆಸ್ಟರ್ ಸೆಟೆದುಕೊಂಡಿರುತ್ತದೆ, ಸ್ವಲ್ಪ ಹಿಗ್ಗಿಸಬೇಕಾದರೂ ಹೆಚ್ಚು ಬಲ ಬೇಕು. ಉಜ್ಜಾಟವನ್ನೂ ನೈಲಾನೇ ಚೆನ್ನಾಗಿ ತಾಳುತ್ತದೆ.

ಎರಡನೆಯ ವ್ಯತ್ಯಾಸ ನೀರಿನದು. ನೈಲಾನಿನ ಅಣುಸರಪಳಿಯಲ್ಲಿ ಅಲ್ಲಲ್ಲಿ ಇರುವ ಅಮೈಡ್ ಗುಂಪುಗಳು ಪಕ್ಕದ ಸರಪಳಿಯನ್ನು ಹಿಡಿದುಕೊಂಡಿರುತ್ತವೆ. ಗಾಳಿಯ ತೇವ ಒಳಗೆ ಬಂದರೆ ಆ ಹಿಡಿತದ ನಡುವೆ ತಾನು ಸೇರಿಕೊಳ್ಳುತ್ತದೆ, ಎಳೆ ಮೆದುವಾಗುತ್ತದೆ, ಸ್ವಲ್ಪ ಉದ್ದವೂ ಆಗುತ್ತದೆ. ಪಾಲಿಯೆಸ್ಟರಿನಲ್ಲಿ ನೀರಿಗೆ ಅಂಥ ಜಾಗ ಇಲ್ಲವೆಂದೇ ಹೇಳಬೇಕು. ಸಾಧಾರಣ ತೇವದ ಗಾಳಿಯಲ್ಲಿ ನೈಲಾನ್ ತನ್ನ ತೂಕದ ಸುಮಾರು ಶೇಕಡಾ 4ರಷ್ಟು ನೀರು ಹೀರಿಕೊಂಡಿದ್ದರೆ ಪಾಲಿಯೆಸ್ಟರಿನದು ಶೇಕಡಾ 0.4. ಪೂರ್ತಿ ನೆನೆದ ನೈಲಾನ್ ತನ್ನ ಬಲದಲ್ಲಿ ಹತ್ತರಲ್ಲೊಂದು ಪಾಲನ್ನೋ ಅದಕ್ಕಿಂತ ತುಸು ಹೆಚ್ಚನ್ನೋ ಕಳೆದುಕೊಳ್ಳುತ್ತದೆ, ಒಣಗಿದರೆ ಮರಳಿ ಪಡೆಯುತ್ತದೆ. ಪಾಲಿಯೆಸ್ಟರಿಗೆ ನೆನೆದರೂ ಒಣಗಿದರೂ ಒಂದೇ.

ಕಾಲುಚೀಲಕ್ಕೆ ನೈಲಾನೇ ಎಂಬುದು ಮಾತ್ರ 1940ರಲ್ಲೇ ತೀರ್ಮಾನವಾಯಿತು. ಆ ವರ್ಷ ಮೇ 15ರಂದು ಅಮೆರಿಕದಾದ್ಯಂತ ನೈಲಾನ್ ಸ್ಟಾಕಿಂಗ್ಸ್ ಮಾರಾಟಕ್ಕೆ ಬಂದವು. ಅಲ್ಲಿಯವರೆಗೆ ಅವು ಹೆಚ್ಚಾಗಿ ರೇಷ್ಮೆಯವು. ಯುದ್ಧದ ಕಾಲದಲ್ಲಿ ನೈಲಾನ್ ಪ್ಯಾರಾಚೂಟ್‌ಗೆ ಹೋಯಿತು, ಆಮೇಲೆ ಮರಳಿ ಕಾಲಿಗೇ ಬಂತು. ಪಾಲಿಯೆಸ್ಟರ್ ಎಷ್ಟು ಅಗ್ಗವಾದರೂ ಆ ಜಾಗ ಕಿತ್ತುಕೊಳ್ಳಲಿಲ್ಲ. ತೆಳು ಸ್ಟಾಕಿಂಗ್ಸ್‌ನ ನೂಲು 15 ಡೆನಿಯರ್, ಅಂದರೆ 9,000 ಮೀಟರ್ ನೂಲು ಬರೀ 15 ಗ್ರಾಂ ತೂಗುತ್ತದೆ. ಸಿಎಸ್‌ಎಂಟಿಯಿಂದ ದಾದರ್‌ವರೆಗೆ ಹಳಿಗುಂಟ ಎಳೆದರೂ ಅಂಗೈಯಲ್ಲಿ ಹಿಡಿಯುವಷ್ಟೇ. ಇಷ್ಟು ಸಣ್ಣ ಎಳೆ ಮೊಣಕಾಲು ಮಡಚಿದಾಗ ಹಿಗ್ಗಬೇಕು, ನಿಂತಾಗ ಸುಕ್ಕಿಲ್ಲದೆ ಮರಳಬೇಕು, ಶೂ ಒಳಗೆ ಇಡೀ ದಿನ ಉಜ್ಜಿಸಿಕೊಳ್ಳಬೇಕು. ಪಾಲಿಯೆಸ್ಟರ್ ಇಲ್ಲಿ ಮೊಣಕಾಲಿನಲ್ಲಿ ಬಿಗಿಯುತ್ತದೆ, ಚರ್ಮಕ್ಕೆ ಒರಟೆನಿಸುತ್ತದೆ. ನೈಲಾನ್ ಹೀರುವ ಆ ಚೂರು ತೇವ ಅದನ್ನು ಮೆದುವಾಗಿಡುತ್ತದೆ.

ಸ್ಟಾಕಿಂಗ್ಸ್ ನಮಗೇಕೆ ಎನ್ನಬೇಡಿ. ದಿನವಿಡೀ ನಿಂತೇ ದುಡಿಯುವ ಉಡುಪಿ ಹೋಟೆಲಿನವರಿಗೆ ಕಾಲಿನ ನರ ಉಬ್ಬಿದಾಗ ಡಾಕ್ಟರು ಬರೆದುಕೊಡುವ ಬಿಗಿ ಕಾಲುಚೀಲವೂ ಹೆಚ್ಚಾಗಿ ನೈಲಾನ್ ಮತ್ತು ರಬ್ಬರಿನಂತೆ ಹಿಗ್ಗುವ ಸ್ಪ್ಯಾಂಡೆಕ್ಸ್ ಸೇರಿದ್ದೇ. ಒತ್ತುವ ಕೆಲಸ ಸ್ಪ್ಯಾಂಡೆಕ್ಸಿನದು, ಅದರ ಮೇಲೆ ಸುತ್ತಿಕೊಂಡು ಉಜ್ಜಾಟ ತಡೆಯುವುದು ನೈಲಾನ್. ಬ್ಲೀಚಿಂಗ್ ಪುಡಿ ತಾಗಿಸಿದರೆ ಎರಡೂ ಹಾಳು.

ಮುಂಬಯಿಗೆ ‘ನೈಲಾನ್ ಗಟ್ಟಿ’ ಎಂಬ ಮಾತು ಬಂದದ್ದು ಗೋರೆಗಾಂವ್‌ನ ನಿರ್ಲಾನ್‌ನಂಥ ಕಾರ್ಖಾನೆಗಳ ಕಾಲದಲ್ಲಿ. ಆಗ ನೈಲಾನ್ ಸೀರೆ ಅಂತಸ್ತಿನ ಗುರುತು. ಸೆಕೆಗೆ ಮೈಗಂಟುತ್ತಿತ್ತು ಎಂಬುದು ಬೇರೆ ಮಾತು. 1982ರಲ್ಲಿ ಹತ್ತಿರದ ಪಾತಾಳಗಂಗಾದಲ್ಲಿ ರಿಲಯನ್ಸ್‌ನ ಪಾಲಿಯೆಸ್ಟರ್ ನೂಲಿನ ಘಟಕ ಶುರುವಾಯಿತು. ಬೆಲೆಯ ಓಟದಲ್ಲಿ ನೈಲಾನ್ ಹಿಂದೆ ಬಿತ್ತು. ನಿರ್ಲಾನ್ ಇದ್ದ ಜಾಗದಲ್ಲಿ ಈಗ ಐಟಿ ಕಚೇರಿಗಳಿವೆ. ಬಟ್ಟೆ ಬದಲಾಯಿತು, ಫುಟ್‌ಪಾತಿನ ಮಾತು ಬದಲಾಗಲಿಲ್ಲ.

ಈಗ ವಿಂಡ್‌ಚೀಟರ್. ಹೊರಬಟ್ಟೆ 200 ಗ್ರಾಂ ಇದೆ ಎಂದುಕೊಳ್ಳಿ. ನೈಲಾನಿನದಾದರೆ ಸಾಧಾರಣ ಹವೆಯಲ್ಲೇ ಎಳೆಗಳೊಳಗೆ 8 ಗ್ರಾಂ ನೀರಿರುತ್ತದೆ, ಜುಲೈನ ಗಾಳಿಯಲ್ಲಿ ಅದು ಇನ್ನೂ ಏರುತ್ತದೆ. ಪಾಲಿಯೆಸ್ಟರಿನದು ಒಂದು ಗ್ರಾಮಿನ ಒಳಗೆ. ತೂಕವಾಗಿ ನೋಡಿದರೆ ಇದು ಏನೂ ಅಲ್ಲ. ಎಳೆಗಳ ಸಂದಿಯಲ್ಲಿ ನಿಲ್ಲುವ ಮಳೆನೀರು ಇದಕ್ಕಿಂತ ಎಷ್ಟೋ ಹೆಚ್ಚು, ಅದನ್ನು ಕೊಡವಬಹುದು. ಎಳೆಯೊಳಗಿನ ನೀರು ಕೊಡವಿದರೆ ಹೋಗುವುದಿಲ್ಲ. ನೈಲಾನ್ ಜೋಲುತ್ತದೆ, ತಣ್ಣಗೆ ತೋಳಿಗಂಟುತ್ತದೆ, ಬಿಸಿಲಿಲ್ಲದ ಚಾಳಿನ ಪಡಸಾಲೆಯಲ್ಲಿ ಒಣಗಲು ಹೆಚ್ಚು ಹೊತ್ತು ಬೇಡುತ್ತದೆ. ಬಾಲ್ಕನಿಯ ಬಿಸಿಲಿಗೂ ಅದು ಬೇಗ ಬಲ ಕಳೆದುಕೊಳ್ಳುತ್ತದೆ. ಆದ್ದರಿಂದ ಲೋಕಲ್ ಟ್ರೇನಿನ ಮಳೆಗಾಲಕ್ಕೆ ಪಾಲಿಯೆಸ್ಟರೇ ಸರಿ. ಪುಣೆಯವರ ಲೆಕ್ಕ ಬೇರೆ: ಚಳಿಗಾಲದಲ್ಲಿ ಸಹ್ಯಾದ್ರಿ ಕೋಟೆ ಹತ್ತುವವರಿಗೆ ಬೆನ್ನಚೀಲದ ಪಟ್ಟಿ, ಕಲ್ಲು, ಮುಳ್ಳು ಉಜ್ಜುತ್ತವೆ, ಮಳೆಯಿಲ್ಲ. ಅಲ್ಲಿ ತೆಳುವಾದ, ಮಡಚಿದರೆ ಮುಷ್ಟಿಗಿಳಿಯುವ ನೈಲಾನಿಗೆ ದುಡ್ಡು ಕೊಡಬಹುದು.

ಚೀಟಿ ಇಲ್ಲದಿದ್ದರೆ ಎಳೆ ಸುಟ್ಟು ನೋಡುವುದು ಹಳೆಯ ಉಪಾಯ. ಪಾಲಿಯೆಸ್ಟರ್ ಮಸಿ ಕಪ್ಪು ಹೊಗೆ ಬಿಡುತ್ತದೆ, ನೈಲಾನಿನ ಹೊಗೆ ಬೆಳ್ಳಗೆ, ಕಡಿಮೆ. ಆದರೆ ಹೊಲಿಗೆಯ ದಾರ ಸುಡಬೇಡಿ, ಬಟ್ಟೆ ಯಾವುದಾದರೂ ಅದು ಹೆಚ್ಚಾಗಿ ಪಾಲಿಯೆಸ್ಟರೇ. ಒಳಗಿನ ಲೇಪನ ಅಂಟಿದ ಎಳೆಯೂ ದಾರಿ ತಪ್ಪಿಸುತ್ತದೆ.

ಆ ಲೇಪನದ ಮಾತು ಹೇಳಲೇಬೇಕು, ಯಾಕೆಂದರೆ ನೀರು ತಡೆಯುವುದು ಅದೇ ಹೊರತು ಎಳೆಯಲ್ಲ. ಸಾಮಾನ್ಯವಾಗಿ ಅದು ಪಾಲಿಯುರೆಥೇನ್, ಪಿಯು. ಮುಂಬಯಿಯ ತೇವಕ್ಕೆ ಕಪಾಟಿನೊಳಗೇ ಒಡೆಯುತ್ತಾ ಬರುತ್ತದೆ. ಒಳಮೈ ಬೆರಳಿಗೆ ಅಂಟಿದರೆ, ಹುಳಿ ವಾಸನೆ ಬಂದರೆ, ಬಿಳಿ ಪದರ ಸುಲಿದರೆ ಆ ವಿಂಡ್‌ಚೀಟರಿನ ಕೆಲಸ ಮುಗಿಯಿತು, ಎಳೆ ಯಾವುದಾದರೂ ಸರಿ. ಹಾಗಾಗಿ ದಾದರಿನಲ್ಲಿ ಕೊಳ್ಳುವಾಗ ಒಳಗಿನ ಹೊಲಿಗೆಯ ಮೇಲೆ ಟೇಪ್ ಅಂಟಿಸಿದೆಯೇ ಎಂದು ಮೊದಲು ನೋಡಿ, ನೈಲಾನೋ ಪಾಲಿಯೆಸ್ಟರೋ ಎಂದು ಆಮೇಲೆ ಕೇಳಿ. ಟೇಪಿಲ್ಲದ ಹೊಲಿಗೆಯ ಸೂಜಿ ತೂತುಗಳಿಂದ ನೀರು ಮೊದಲು ಇಳಿಯುವುದು ಭುಜಕ್ಕೆ.