ಒಂದೇ ಶಿಖರದಲ್ಲಿ ಎರಡು ಪರಿಮಳ

ಸುಗಂಧದ್ರವ್ಯವೊಂದರ ಘಟಕಗಳನ್ನು ತಿಳಿಯಬೇಕಾದಾಗ, ದ್ರಾವಕದಲ್ಲಿ ತೆಳುಗೊಳಿಸಿದ ಮಾದರಿಯ ಸುಮಾರು 1 ಮೈಕ್ರೋಲೀಟರನ್ನು ಗ್ಯಾಸ್ ಕ್ರೊಮ್ಯಾಟೊಗ್ರಾಫಿನ 250 ಡಿಗ್ರಿ ಸೆಲ್ಸಿಯಸ್ ಬಿಸಿಯ ಕೋಣೆಗೆ ಸೂಜಿಯಿಂದ ಹಾಕುತ್ತೇವೆ. ಅದು ಕ್ಷಣದಲ್ಲಿ ಆವಿಯಾಗುತ್ತದೆ. ಆವಿಯ ಬಹುಪಾಲನ್ನು ಹೊರಬಿಟ್ಟು, ಉಳಿದ ಸಣ್ಣ ಅಂಶವನ್ನು ಹೀಲಿಯಂ ಅನಿಲವು ಕಾಲಂ ಎಂಬ ಕೊಳವೆಯೊಳಗೆ ಒಯ್ಯುತ್ತದೆ. ಸಾಮಾನ್ಯವಾಗಿ ಈ ಕೊಳವೆಯ ಉದ್ದ 30 ಮೀಟರ್, ಒಳವ್ಯಾಸ ಕಾಲು ಮಿಲಿಮೀಟರ್; ಅದರ ಒಳಗೋಡೆಗೆ ತೆಳುವಾದ ಲೇಪವಿರುತ್ತದೆ. ಓವನ್ನಿನ ಉಷ್ಣತೆ ನಿಧಾನವಾಗಿ ಏರಿದಂತೆ, ಬೇಗ ಆವಿಯಾಗುವ ಮತ್ತು ಲೇಪಕ್ಕೆ ಕಡಿಮೆ ಅಂಟುವ ಅಣುಗಳು ಮೊದಲು ಹೊರಬಂದು, ಒಂದೊಂದೂ ನಕ್ಷೆಯಲ್ಲಿ ಒಂದು ಶಿಖರವಾಗಿ ಮೂಡುತ್ತದೆ.

ಅಣು ಹೊರಬಂದ ಸಮಯವು ಉಪಕರಣದಿಂದ ಉಪಕರಣಕ್ಕೆ ಬದಲಾಗುವುದರಿಂದ, ನೇರ ಸರಪಳಿಯ ಆಲ್ಕೇನ್‌ಗಳನ್ನೂ ಅದೇ ಉಷ್ಣತಾಕ್ರಮದಲ್ಲಿ ಹಾಯಿಸಿ, ಅವುಗಳನ್ನು ಮೈಲಿಗಲ್ಲುಗಳಂತೆ ಬಳಸುತ್ತೇವೆ. 12 ಕಾರ್ಬನ್ನಿನ ಆಲ್ಕೇನಿಗೆ 1200, 13 ಕಾರ್ಬನ್ನಿನದಕ್ಕೆ 1300 ಎಂಬ ಸೂಚ್ಯಂಕ. ಮೊದಲನೆಯದು 20 ನಿಮಿಷಕ್ಕೆ, ಎರಡನೆಯದು 24 ನಿಮಿಷಕ್ಕೆ ಬಂದಿದ್ದು, ನಮ್ಮ ಶಿಖರ 22.1 ನಿಮಿಷಕ್ಕೆ ಮೂಡಿದ್ದರೆ, ಅದರ ಸೂಚ್ಯಂಕ ಸುಮಾರು 1252.

ಕಷ್ಟ ಎದುರಾಗುವುದು ಇಲ್ಲಿಯೇ. ಧ್ರುವೀಯವಲ್ಲದ ಲೇಪದ ಕಾಲಂನಲ್ಲಿ ಗುಲಾಬಿಯ ಪರಿಮಳದ ಜೆರಾನಿಯಾಲ್ ಮತ್ತು ಲ್ಯಾವೆಂಡರ್, ಬರ್ಗಮಾಟ್ ತೈಲಗಳಲ್ಲಿ ಹೇರಳವಾಗಿರುವ ಲಿನಾಲಿಲ್ ಅಸಿಟೇಟ್ ಎರಡೂ 1250ರ ಆಸುಪಾಸಿನಲ್ಲಿಯೇ, ಹಲವೊಮ್ಮೆ ಒಂದೇ ಶಿಖರವಾಗಿ ಬರುತ್ತವೆ. ಕಾಲಂನ ತುದಿಯಲ್ಲಿರುವ ಮಾಸ್ ಸ್ಪೆಕ್ಟ್ರೋಮೀಟರು ಅಣುಗಳನ್ನು ಒಡೆದು ಚೂರುಗಳ ದ್ರವ್ಯರಾಶಿಯನ್ನು ದಾಖಲಿಸುತ್ತದೆಯಾದರೂ, ಶಿಖರದ ನಡುವಿನ ದಾಖಲೆಯನ್ನು ಮಾತ್ರ ಕಂಪ್ಯೂಟರಿನ ಸಂಗ್ರಹದೊಡನೆ ಹೋಲಿಸಿದರೆ ಒಂದೇ ಹೆಸರು, ಅದೂ ಸಾಕಷ್ಟು ಒಳ್ಳೆಯ ಅಂಕದೊಡನೆ, ದೊರೆತುಬಿಡಬಹುದು. ಆ ಅಂಕವನ್ನಷ್ಟೇ ನಂಬಿ ವರದಿ ಬರೆಯುವುದು ತಪ್ಪೆಂದು ನಾನು ದೃಢವಾಗಿ ಹೇಳುತ್ತೇನೆ. ಶಿಖರದ ಏರುಬದಿಯನ್ನೂ ಇಳಿಬದಿಯನ್ನೂ ಪ್ರತ್ಯೇಕವಾಗಿ ತೆರೆದು ನೋಡಬೇಕು: ಮೊದಲ ಬದಿಯಲ್ಲಿ ಜೆರಾನಿಯಾಲಿನ 69ರ ಚೂರು ಮೇಲುಗೈಯಾಗಿದ್ದು, ಮುಂದೆ ಹೋದಂತೆ ಲಿನಾಲಿಲ್ ಅಸಿಟೇಟಿನ 93 ಮತ್ತು 43 ಬಲಗೊಂಡರೆ ಒಳಗೆ ಎರಡು ವಸ್ತುಗಳಿವೆ. ಶುದ್ಧ ಶಿಖರದಲ್ಲಿ ಈ ಅನುಪಾತ ಉದ್ದಕ್ಕೂ ಬಹುತೇಕ ಒಂದೇ ಆಗಿರುತ್ತದೆ.

ಆಗ ಅದೇ ಮಾದರಿಯನ್ನು ಪಾಲಿಇಥಿಲೀನ್ ಗ್ಲೈಕಾಲ್ ಲೇಪದ ಧ್ರುವೀಯ ಕಾಲಂನಲ್ಲಿ ಮತ್ತೆ ಹಾಯಿಸುತ್ತೇವೆ. ಜೆರಾನಿಯಾಲ್ ಮದ್ಯಸಾರವಾದ್ದರಿಂದ ಆ ಲೇಪವು ಅದನ್ನು ಬಲವಾಗಿ ಹಿಡಿದಿಟ್ಟು 1850ರ ಸಮೀಪಕ್ಕೆ ತಳ್ಳುತ್ತದೆ. ಲಿನಾಲಿಲ್ ಅಸಿಟೇಟ್ 1550ರ ಸಮೀಪದಲ್ಲಿಯೇ ನಿಲ್ಲುತ್ತದೆ. ಆದರೆ ಅಲ್ಲಿ ಅದಕ್ಕೆ ಲಿನಾಲೂಲ್ ಎಂಬ ಇನ್ನೊಂದು ಪರಿಮಳದ ಅಣು ತೀರ ಹತ್ತಿರದ ನೆರೆಯಾಗುವುದರಿಂದ, ಎರಡನೆಯ ಕಾಲಂ ಮೊದಲನೆಯದನ್ನು ಅನಗತ್ಯವಾಗಿಸುವುದಿಲ್ಲ.

ಅಣುವಿನ ಹೆಸರು ತಿಳಿದರೂ ಅದು ಬರ್ಗಮಾಟ್ ತೈಲದಿಂದ ಬಂದಿತೋ ಕಾರ್ಖಾನೆಯಿಂದ ಬಂದಿತೋ ಎಂಬುದು ಇಷ್ಟರಿಂದ ತಿಳಿಯದು. ಅದಕ್ಕೆ ಸೈಕ್ಲೋಡೆಕ್ಸ್‌ಟ್ರಿನ್ ಲೇಪದ ಕಾಲಂ ಬೇಕು. ಅದು ಎಡ ಮತ್ತು ಬಲ ಪ್ರತಿಬಿಂಬ ರೂಪಗಳನ್ನು ಬೇರ್ಪಡಿಸುತ್ತದೆ. ತೈಲದ ಲಿನಾಲಿಲ್ ಅಸಿಟೇಟ್ ಬಹುಮಟ್ಟಿಗೆ ಒಂದೇ ರೂಪದ್ದು, ಸಾಮಾನ್ಯ ಕೃತಕ ವಸ್ತುವಿನಲ್ಲಿ ಎರಡೂ ಸಮನಾಗಿರುತ್ತವೆ. ಎರಡೂ ರೂಪಗಳು ಅಸಮ ಪ್ರಮಾಣದಲ್ಲಿ ಗಣನೀಯವಾಗಿ ಕಂಡರೆ, ತೈಲದೊಡನೆ ಕೃತಕವೂ ಬೆರೆತಿದೆ ಎಂದು ಸಂಶಯಿಸಲು ಕಾರಣವಿದೆ.