ಘಟ್ಟ ಬಂದಾದಾಗ ಎಷ್ಟು ಮೈದಾ ಕೈಲಿರಬೇಕು?

ಪ್ರಶ್ನೆ: ಕುಮಟಾದಲ್ಲಿ ನಮ್ಮದೊಂದು ಬೇಕರಿ ಇದೆ. ಮೈದಾ ಹುಬ್ಬಳ್ಳಿಯಿಂದ ಬರುತ್ತದೆ, ದಿನಕ್ಕೆ 50 ಕೆ.ಜಿ.ಯ ಆರು ಚೀಲ ಖರ್ಚು. ಆರ್ಡರ್ ಹೇಳಿದ ಮೇಲೆ ಲೋಡು ಇಳಿಯಲು ಸರಾಸರಿ ನಾಲ್ಕು ದಿನ. 36 ಚೀಲ, ಅಂದರೆ ಆರು ದಿನದ ಮಾಲು ಇರುವಾಗಲೇ ಹೊಸ ಆರ್ಡರ್ ಹೇಳುತ್ತೇವೆ. ಆದರೂ ಮಳೆಗಾಲದಲ್ಲಿ ಭಟ್ಟಿ ನಿಲ್ಲುತ್ತದೆ. ಮುಂದಿನ ವಾರ ವರ್ತಕರ ಸಂಘದಲ್ಲಿ ಪೂರೈಕೆ ಮತ್ತು ದಾಸ್ತಾನು ನಿರ್ವಹಣೆ ಬಗ್ಗೆ ಉಪನ್ಯಾಸವಿದೆ. "ಎಷ್ಟು ಸ್ಟಾಕು ಇಡಬೇಕು" ಎಂದು ಕೇಳಿದರೆ ಸಾಕೇ?

ಉತ್ತರ: ಹಾಗೆ ಕೇಳಿದರೆ ನಿಮಗೆ ಪಠ್ಯಪುಸ್ತಕದ ಸೂತ್ರವೇ ಸಿಗುತ್ತದೆ. ಆ ಸೂತ್ರ ಸುಳ್ಳಲ್ಲ, ಆದರೆ ನಮ್ಮ ಘಟ್ಟದ ದಾರಿಗೆ ಅದು ಸರಿಯಾಗಿ ಕೂರುವುದಿಲ್ಲ. ಏಕೆಂದು ಗೊತ್ತಿದ್ದರೆ ಪ್ರಶ್ನೆಯನ್ನು ಚುರುಕಾಗಿ ಕೇಳಬಹುದು.

ಮೊದಲು ಹಳೆಯ ಬಿಲ್ಲುಗಳನ್ನು ತೆಗೆಯಿರಿ. ಜೂನ್‌ನಿಂದ ಸೆಪ್ಟೆಂಬರ್ ತನಕದ ಸುಮಾರು 20 ಲೋಡುಗಳಿಗೆ ಎರಡೆರಡು ತಾರೀಖು ಬರೆದುಕೊಳ್ಳಿ: ನೀವು ಆರ್ಡರ್ ಹೇಳಿದ ದಿನ ಮತ್ತು ಚೀಲ ನಿಮ್ಮ ಗೋದಾಮಿನಲ್ಲಿ ಇಳಿದ ದಿನ. ಬಿಲ್ಲಿನ ತಾರೀಖನ್ನೇ ಆರ್ಡರ್ ದಿನವೆಂದು ಹಿಡಿಯಬೇಡಿ. ಬಿಲ್ಲು ಆಗುವುದು ಮಾಲು ಲಾರಿಗೆ ಏರುವಾಗ. ಅದಕ್ಕೂ ಮೊದಲು ಡೀಲರ್ ಹತ್ತಿರ ಎಷ್ಟು ದಿನ ಕಾದಿರಿ ಎನ್ನುವುದು ಅದರಲ್ಲಿ ಕಾಣುವುದಿಲ್ಲ. ಆರ್ಡರ್ ಹೇಳಿದ ದಿನ ನಿಮ್ಮ ವಾಟ್ಸಾಪ್‌ನಲ್ಲಿ ಸಿಗುತ್ತದೆ.

ಪಟ್ಟಿ ಹೀಗೆ ಬಂತು ಅಂತಿಟ್ಟುಕೊಳ್ಳಿ: 17 ಲೋಡು ಮೂರು ದಿನಕ್ಕೆ ಬಂದಿವೆ, ಮೂರು ಲೋಡು 11 ದಿನಕ್ಕೆ. ಸರಾಸರಿ ನಾಲ್ಕು ದಿನದ ಚಿಲ್ಲರೆ, ನೀವು ಹೇಳಿದಷ್ಟೇ. ಆದರೆ ನಾಲ್ಕನೇ ದಿನಕ್ಕೆ ಸರಿಯಾಗಿ ಬಂದ ಲೋಡು ಒಂದೂ ಇಲ್ಲ! ಲಾರಿ ಒಂದೋ ಬೇಗ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಆರು ದಿನದ ಸ್ಟಾಕು ಮೊದಲನೆಯದಕ್ಕೆ ಅತಿಯಾಯಿತು, ಎರಡನೆಯದಕ್ಕೆ ಯಾತಕ್ಕೂ ಸಾಲದು.

ಸೂತ್ರ ಏನು ಹೇಳುತ್ತದೆ ನೋಡೋಣ. ಎಕ್ಸೆಲ್‌ನಲ್ಲಿ B1ರಲ್ಲಿ ಲೋಡು ಬರುವ ಸರಾಸರಿ ದಿನ, B2ರಲ್ಲಿ ಆ ದಿನಗಳ ಏರುಪೇರು, B3ರಲ್ಲಿ ದಿನದ ಸರಾಸರಿ ಖರ್ಚು, B4ರಲ್ಲಿ ಆ ಖರ್ಚಿನ ಏರುಪೇರು ಇರಲಿ. ಏರುಪೇರನ್ನು `STDEV.S` ಲೆಕ್ಕ ಹಾಕಿಕೊಡುತ್ತದೆ.

```
=1.65*SQRT(B1*B4^2 + B3^2*B2^2)
```

1.65 ಎಂದರೆ ನೂರು ಸಲ ಆರ್ಡರ್ ಹೇಳಿದರೆ 95 ಸಲ ಮಾಲು ಖಾಲಿಯಾಗಬಾರದು ಎಂಬ ಗುರಿ. ನಾಲ್ಕು ದಿನ, ಮೂರು ದಿನದ ಏರುಪೇರು, ಆರು ಚೀಲ, ಒಂದು ಚೀಲದ ಏರುಪೇರು ಎಂದು ಹಾಕಿದರೆ ಉತ್ತರ 30 ಚೀಲ. ಇದು ಏರುಪೇರಿಗೆಂದೇ ಎತ್ತಿಡಬೇಕಾದ ಹೆಚ್ಚುವರಿ ಮಾಲು. ನಾಲ್ಕು ದಿನದ 24 ಚೀಲ ಸೇರಿಸಿದರೆ 54. ಅಂದರೆ 54 ಚೀಲ ಉಳಿದಾಗ ಆರ್ಡರ್ ಹೇಳಬೇಕು.

ಇಲ್ಲೊಂದು ವಿಷಯ ಗಮನಿಸಿ. ನಿಮ್ಮ ಮಾರಾಟ ಒಂದಿಷ್ಟೂ ಏರಿಳಿಯದೆ ದಿನಾ ಆರೇ ಚೀಲ ಅಂತಿದ್ದರೂ ಆ 30 ಚೀಲ ಕಡಿಮೆಯಾಗುವುದಿಲ್ಲ, ಹೆಚ್ಚೆಂದರೆ ಕಾಲು ಚೀಲ ಕಡಿಮೆಯಾದೀತು. ಮುಂದಿನ ವಾರ ಎಷ್ಟು ಬ್ರೆಡ್ಡು ಹೋದೀತು ಎಂದು ತಲೆ ಕೆಡಿಸಿಕೊಳ್ಳುವುದು ಮೈದಾದ ಮಟ್ಟಿಗೆ ವ್ಯರ್ಥ. ಎಲ್ಲ ಹೊರೆ ಲಾರಿಯ ಏರುಪೇರಿನದ್ದು.

ಇನ್ನು ಸೂತ್ರ ಎಲ್ಲಿ ತಪ್ಪುತ್ತದೆ ಎನ್ನುವುದು. 54 ಚೀಲವೆಂದರೆ ಒಂಬತ್ತು ದಿನ. ಲಾರಿ 11 ದಿನ ತೆಗೆದುಕೊಂಡರೆ ಎರಡು ದಿನ ಭಟ್ಟಿ ಬಂದ್. 20ರಲ್ಲಿ ಮೂರು ಲೋಡು ಹಾಗೆ ಬಂದಿವೆ, ಅಂದರೆ ನೂರಕ್ಕೆ 15. ಸೂತ್ರ ಐದೇ ಎಂದಿತ್ತು. ವಿಳಂಬವೆಲ್ಲ ಸರಾಸರಿಯ ಆಚೀಚೆ ಸಮನಾಗಿ ಹರಡಿಕೊಂಡಿರುತ್ತದೆ ಎಂದು ಅದು ನಂಬಿಕೊಂಡಿದೆ. ಹುಬ್ಬಳ್ಳಿಯ ಲಾರಿ ಇಳಿದು ಬರುವ ಅರಬೈಲ್ ಘಟ್ಟಕ್ಕೆ ಅದು ಗೊತ್ತಿಲ್ಲ. ಇಂಥ ಪಟ್ಟಿ ಇದ್ದವರು ಸೂತ್ರವನ್ನು ಪಕ್ಕಕ್ಕಿಟ್ಟು ಅತಿ ಉದ್ದದ ವಿಳಂಬವನ್ನೇ ಹಿಡಿಯುವುದು ಮೇಲು: 11 ದಿನಕ್ಕೆ 66 ಚೀಲ.

ಇದಕ್ಕೆ ಎಷ್ಟು ಖರ್ಚು? ಈಗಿನ 36ರಿಂದ 66ಕ್ಕೆ ಹೋದರೆ 30 ಚೀಲ ಹೆಚ್ಚು. ಚೀಲಕ್ಕೆ ₹1,800 ಎಂದರೆ ₹54,000 ಗೋದಾಮಿನಲ್ಲಿ ಕೂರುತ್ತದೆ. ವರ್ಷಕ್ಕೆ ಶೇ. 18ರಂತೆ ಮಳೆಗಾಲದ ನಾಲ್ಕು ತಿಂಗಳಿಗೆ ಬಡ್ಡಿ ₹3,240. ಇನ್ನೊಂದು ಕಡೆ, ಒಂದು ಚೀಲ ಮೈದಾದ ಸರಕು ಮಾರಿ, ಸಾಮಾನು ಮತ್ತು ಉರುವಲಿನ ಖರ್ಚು ಕಳೆದು ₹1,500 ಉಳಿಯುತ್ತದೆ ಎಂದಾದರೆ, ಭಟ್ಟಿ ನಿಂತ ಒಂದೇ ದಿನಕ್ಕೆ ₹9,000 ಹೋಯಿತು. ಕೆಲಸದವರ ಸಂಬಳ, ಅಂಗಡಿ ಬಾಡಿಗೆ ಆ ದಿನವೂ ಕೊಡಲೇಬೇಕು. ಮೈದಾದ ಮಟ್ಟಿಗೆ ಜಿಪುಣತನ ಬೇಡ.

ಚೀಲ ಹೆಚ್ಚಾದರೆ ಹಾಳಾಗುತ್ತದೆ ಎಂಬ ಹೆದರಿಕೆ ಕರಾವಳಿಯಲ್ಲಿ ಸಹಜ. ಆದರೆ ಕೆಡುವುದು ಹೆಚ್ಚು ಇಟ್ಟಿದ್ದರಿಂದಲ್ಲ, ಇಟ್ಟ ರೀತಿಯಿಂದ. ನೆಲಕ್ಕೆ ತಾಗಿದ ಅಡಿಯ ಸಾಲು, ಗೋಡೆಗೆ ಒತ್ತಿದ ಬದಿ: ತೇವ ಹಿಡಿಯುವುದು ಅಲ್ಲಿ. ಚೀಲದ ಮೂಲೆಯನ್ನು ಹಿಂಡಿ ನೋಡಿ, ಹಿಟ್ಟು ಗಂಟಾಗಿ ನಿಂತರೆ ತೇವ ಒಳಗೆ ಹೋಗಿದೆ. ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ಬಿಟ್ಟು ಪೇರಿಸಿ. ಹೊಸ ಲೋಡನ್ನು ಹಳೆಯದರ ಮೇಲೆ ಹೇರುವ ಅಭ್ಯಾಸವಿದ್ದರೆ ಅಡಿಯ ಚೀಲಗಳು ತಿಂಗಳುಗಟ್ಟಲೆ ಅಲುಗುವುದೇ ಇಲ್ಲ, ಹುಳ ಹುಟ್ಟುವುದೂ ಅಲ್ಲೇ. ಎರಡು ರಾಶಿ ಮಾಡಿ, ಒಂದು ಮುಗಿದ ಮೇಲೆ ಇನ್ನೊಂದಕ್ಕೆ ಕೈ ಹಾಕಿ. ಹಸಿ ಈಸ್ಟಿಗೆ ಮಾತ್ರ ಈ ಲೆಕ್ಕವೇ ನಡೆಯದು. ಫ್ರಿಜ್ಜಿನಲ್ಲೂ ಅದರ ಆಯುಸ್ಸು ಕೆಲವೇ ವಾರ. ಮಳೆಗಾಲಕ್ಕೆ ಒಣ ಈಸ್ಟ್ ಇಟ್ಟುಕೊಳ್ಳುವುದು ಸುಲಭ.

ಸ್ಟಾಕು ಏರಿಸುವ ಮೊದಲು ಆ ಮೂರು 11 ದಿನಗಳನ್ನು ಬಿಡಿಸಿ ನೋಡಿ: ಆರ್ಡರ್‌ನಿಂದ ಲೋಡ್ ಆಗುವ ತನಕ ಎಷ್ಟು, ದಾರಿಯಲ್ಲಿ ಎಷ್ಟು? ರಸ್ತೆ ನಾಲ್ಕೇ ದಿನ ಬಂದಾಗಿ, ಉಳಿದ ದಿನವೆಲ್ಲ ಡೀಲರ್ ಕುಮಟಾ ಕಡೆಗೆ ಲಾರಿ ತುಂಬಲಿ ಎಂದು ಕಾದಿರಬಹುದು. ಹಾಗಿದ್ದರೆ ವಾರದ ಒಂದು ದಿನ ಗೊತ್ತು ಮಾಡಿ, ಅಕ್ಕಪಕ್ಕದ ಇನ್ನೆರಡು ಬೇಕರಿಯವರ ಜತೆ ಲೋಡು ಹಂಚಿಕೊಳ್ಳಿ. 11 ದಿನ ಏಳಕ್ಕೆ ಇಳಿದರೆ 42 ಚೀಲಕ್ಕೆ ಆರ್ಡರ್ ಹೇಳಿದರೂ ಸಾಕು, ಸೂತ್ರದ 54 ಧಾರಾಳವಾಯಿತು.

ವಾರಗಟ್ಟಲೆ ದಾರಿ ಮುಚ್ಚಿದರೆ ಮಾತ್ರ ಯಾವ ಸ್ಟಾಕೂ ತಡೆಯದು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಅಂಕೋಲಾ–ಕುಮಟಾ ನಡುವಿನ ಹೆದ್ದಾರಿಯೇ ನಿಂತಿತು. ಅರಬೈಲ್ ಇಳಿದು ಬಂದ ಲಾರಿಗೂ ಕುಮಟಾ ಸಿಗಲಿಲ್ಲ. ಆಗ ಬೇಕಾಗುವುದು ಬೇರೆ ದಿಕ್ಕಿನ ಡೀಲರ್, ನಿಮಗಾದರೆ ಉಡುಪಿ–ಮಂಗಳೂರು ಕಡೆಯವರು. ಆದರೆ ಆಪತ್ತಿನ ದಿನ ಮೊದಲ ಸಲ ಫೋನು ಮಾಡಿದ ಗಿರಾಕಿಗೆ ಯಾರೂ ಮಾಲು ಎತ್ತಿಡುವುದಿಲ್ಲ. ಮಳೆಗಾಲದ ಸುಮಾರು 720 ಚೀಲದಲ್ಲಿ ಐದರಲ್ಲೊಂದು ಪಾಲು, 144 ಚೀಲ, ಅವರಿಂದಲೇ ತರಿಸಿ ಖಾತೆ ಜೀವಂತವಾಗಿಡಿ. ಚೀಲಕ್ಕೆ ₹60 ಹೆಚ್ಚು ಬಿದ್ದರೆ ಒಟ್ಟು ₹8,640. ಭಟ್ಟಿ ಒಂದು ದಿನ ನಿಂತ ನಷ್ಟಕ್ಕಿಂತ ಕಡಿಮೆ.

ಹಾಗಾಗಿ ಉಪನ್ಯಾಸದಲ್ಲಿ ಹೀಗೆ ಕೇಳಿ: "ನಮ್ಮ ಲೋಡು 20ರಲ್ಲಿ 17 ಸಲ ಮೂರು ದಿನಕ್ಕೆ, ಮೂರು ಸಲ 11 ದಿನಕ್ಕೆ ಬರುತ್ತದೆ. ಸರಾಸರಿ ಹಿಡಿದು ಸ್ಟಾಕು ಲೆಕ್ಕ ಹಾಕಿದರೆ ತಪ್ಪಲ್ಲವೇ? ₹54,000ವನ್ನು ಚೀಲಕ್ಕೆ ಹಾಕಬೇಕೋ, ಎರಡನೇ ಡೀಲರ್‌ಗೆ ₹8,640 ಹೆಚ್ಚು ಕೊಡಬೇಕೋ?" ಬೇಕಾದಾಗ ಬೇಕಾದಷ್ಟೇ ತರಿಸಿ, ಸ್ಟಾಕು ಇಡುವುದೇ ನಷ್ಟ ಎಂದು ಅವರು ಹೇಳಿದರೆ, ಜುಲೈ ತಿಂಗಳ ನಿಮ್ಮ ಪಟ್ಟಿಯನ್ನು ಅವರ ಮುಂದಿಟ್ಟು ಮತ್ತೊಮ್ಮೆ ಕೇಳಿ.